309 ಮತ್ತು 310ರ ನಡುವೆ

2014ರ ಆಗಸ್ಟ್‌ನಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷದ ಸರ್ಕಾರಿ ಪರೀಕ್ಷೆ ಬರೆದರು. ಅದರ ಹೆಸರು ಸಾಬೆರ್ 11. ಒಟ್ಟು ಅಂಕ 500. ಪರೀಕ್ಷೆ ಮುಗಿದು ಉತ್ತರಪತ್ರಿಕೆಗಳು ಊರು ಬಿಟ್ಟ ಮೇಲೆ, ಅಕ್ಟೋಬರ್ ಮೊದಲ ದಿನ, ಅಧ್ಯಕ್ಷ ಹುವಾನ್ ಮಾನುಯೆಲ್ ಸಾಂತೋಸ್ ಅವರ ಸರ್ಕಾರ ಹೊಸದೊಂದು ವಿದ್ಯಾರ್ಥಿವೇತನ ಪ್ರಕಟಿಸಿತು. ಸಾಬೆರ್ 11ರಲ್ಲಿ 310 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದ ಬಡ ಮನೆಯ ಮಕ್ಕಳಿಗೆ ದೇಶದ ಉತ್ತಮ ವಿಶ್ವವಿದ್ಯಾಲಯಗಳಲ್ಲಿ ಪೂರ್ತಿ ಶುಲ್ಕವನ್ನು ಸರ್ಕಾರವೇ ಕಟ್ಟುತ್ತದೆ, ಊಟ ವಸತಿಯ ಖರ್ಚಿಗೂ ಒಂದಿಷ್ಟು ಹಣ ಕೊಡುತ್ತದೆ. ಕಾಗದದ ಮೇಲೆ ಅದು ಸಾಲ. ಪದವಿ ಮುಗಿಸಿದರೆ ಸಾಲ ಮನ್ನಾ, ನಡುವೆ ಬಿಟ್ಟರೆ ಹಿಂದಿರುಗಿಸಬೇಕು. ಯೋಜನೆಗೆ ಇಟ್ಟ ಹೆಸರು ‘ಸೆರ್ ಪಿಲೊ ಪಾಗಾ’, ಚೆನ್ನಾಗಿ ಓದಿದರೆ ಫಲವಿದೆ ಎಂದು. ಮೊದಲ ವರ್ಷ ಸುಮಾರು 10,000 ಮಕ್ಕಳಿಗೆ ಅದು ಸಿಕ್ಕಿತು.

ಇಂಥ ಯೋಜನೆ ಬಂದ ಕೂಡಲೇ ಏಳಬೇಕಾದ ಪ್ರಶ್ನೆ ಒಂದಿದೆ. ಈ ಹಣ ಇಲ್ಲದಿದ್ದರೂ ಆ ಮಕ್ಕಳು ಕಾಲೇಜಿಗೆ ಹೋಗುತ್ತಿದ್ದರೋ ಏನೋ? ಹೋಗುವವರಿಗೇ ಹಣ ಕೊಟ್ಟಿದ್ದರೆ ಕಾಲೇಜು ಸೇರಿದವರ ಸಂಖ್ಯೆ ಯೋಜನೆಯಿಂದ ಹೆಚ್ಚಲಿಲ್ಲ. ಹೋಗಲಾಗದವರು ಹೋದರೆ ಮಾತ್ರ ಹೆಚ್ಚಿತು.

ಇದಕ್ಕೆ ಮೊದಲು ಹೊಳೆಯುವ ಉತ್ತರ ಸುಲಭದ್ದು. ವಿದ್ಯಾರ್ಥಿವೇತನ ಸಿಕ್ಕ ಮಕ್ಕಳಲ್ಲಿ ಎಷ್ಟು ಜನ ಕಾಲೇಜು ಸೇರಿದರು, ಸಿಗದವರಲ್ಲಿ ಎಷ್ಟು ಜನ ಸೇರಿದರು ಎಂದು ಎಣಿಸಿ, ಒಂದರಿಂದ ಇನ್ನೊಂದನ್ನು ಕಳೆಯುವುದು. ಸರ್ಕಾರಿ ವರದಿಗಳಲ್ಲಿ, ಟ್ರಸ್ಟುಗಳ ವಾರ್ಷಿಕ ಪುಸ್ತಿಕೆಗಳಲ್ಲಿ ಈ ಲೆಕ್ಕ ಮತ್ತೆ ಮತ್ತೆ ಕಾಣುತ್ತದೆ. ಆದರೆ ಅದು ದಾರಿ ತಪ್ಪಿಸುವ ಲೆಕ್ಕ. 350 ಅಂಕ ತೆಗೆದ ಹುಡುಗಿಗೂ 220 ತೆಗೆದ ಹುಡುಗನಿಗೂ ನಡುವೆ ಇರುವುದು ವಿದ್ಯಾರ್ಥಿವೇತನ ಒಂದೇ ಅಲ್ಲ. ಅವಳ ಶಾಲೆ ಬೇರೆ, ಮನೆಯಲ್ಲಿ ಓದಿಸಿದವರು ಬೇರೆ, ಓದಿನ ತಯಾರಿ ಬೇರೆ, ಕಾಲೇಜಿನ ಬಗ್ಗೆ ಇರುವ ಆಸೆಯೇ ಬೇರೆ. ಇವೆಲ್ಲದರ ಫಲವನ್ನೂ ಆ ಕಳೆಯುವ ಲೆಕ್ಕ ವಿದ್ಯಾರ್ಥಿವೇತನದ ಖಾತೆಗೆ ಜಮೆ ಮಾಡಿಬಿಡುತ್ತದೆ.

ಹಾಗಾದರೆ ಯಾರನ್ನು ಯಾರ ಜತೆ ಹೋಲಿಸಬೇಕು? 310 ತೆಗೆದವರನ್ನು 309 ತೆಗೆದವರ ಜತೆ.

ಈ ಒಂದು ಅಂಕ ಎಷ್ಟು ಸಣ್ಣದು ಎಂಬುದನ್ನು ಹತ್ತಿರದಿಂದ ನೋಡಬೇಕು. ಸಾಬೆರ್ 11ರಲ್ಲಿ ಐದು ವಿಷಯ: ಓದಿ ಅರ್ಥಮಾಡಿಕೊಳ್ಳುವುದು, ಗಣಿತ, ವಿಜ್ಞಾನ, ಸಮಾಜ, ಇಂಗ್ಲಿಷ್. ಪ್ರತಿಯೊಂದಕ್ಕೂ 100ರೊಳಗೆ ಅಂಕ. ಮೊದಲ ನಾಲ್ಕಕ್ಕೆ ಮೂರು ಪಾಲು ತೂಕ, ಇಂಗ್ಲಿಷಿಗೆ ಒಂದು ಪಾಲು, ಒಟ್ಟು 13 ಪಾಲು. ಸರಾಸರಿ ತೆಗೆದು ಐದರಿಂದ ಗುಣಿಸಿದರೆ 500ಕ್ಕೆ ಎಷ್ಟು ಎಂದು ಬರುತ್ತದೆ. ನಾನೇ ಊಹಿಸಿಕೊಂಡ ಒಬ್ಬ ಹುಡುಗಿಯ ಅಂಕಗಳನ್ನು ನೋಡೋಣ. ನಾಲ್ಕು ಮುಖ್ಯ ವಿಷಯಗಳಲ್ಲಿ 62, 63, 61, 63, ಇಂಗ್ಲಿಷಿನಲ್ಲಿ 59. ನಾಲ್ಕರ ಮೊತ್ತ 249, ಮೂರು ಪಟ್ಟು ಮಾಡಿದರೆ 747, ಇಂಗ್ಲಿಷ್ ಸೇರಿಸಿದರೆ 806. ಹದಿಮೂರರಿಂದ ಭಾಗಿಸಿದರೆ 62, ಐದರಿಂದ ಗುಣಿಸಿದರೆ ಸರಿಯಾಗಿ 310. ಅವಳ ಪಕ್ಕದಲ್ಲಿ ಕೂತ ಗೆಳತಿಗೂ ನಾಲ್ಕು ವಿಷಯಗಳಲ್ಲಿ ಅವೇ ಅಂಕ ಬಂದು, ಇಂಗ್ಲಿಷಿನಲ್ಲಿ 57 ಬಂದರೆ ಮೊತ್ತ 309. ಇಂಗ್ಲಿಷ್ ಪ್ರಶ್ನೆಯೊಂದಕ್ಕೆ ಕೊನೆಯ ಗಳಿಗೆಯಲ್ಲಿ ಯಾವ ಆಯ್ಕೆಗೆ ಗುರುತು ಹಾಕಿದಳು ಎಂಬುದಷ್ಟೇ ಇಬ್ಬರ ನಡುವಿನ ವ್ಯತ್ಯಾಸ ಇರಬಹುದು. ಒಬ್ಬಳಿಗೆ ನಾಲ್ಕೈದು ವರ್ಷದ ಶುಲ್ಕ, ಇನ್ನೊಬ್ಬಳಿಗೆ ಏನೂ ಇಲ್ಲ.

ಆ ಹುಡುಗಿಯ ಮನೆಯವರಿಗೆ ಇದು ಅನ್ಯಾಯವಾಗಿಯೇ ಕಾಣುತ್ತದೆ, ಅನ್ಯಾಯ ಅಲ್ಲವೆಂದು ನಾನೂ ಹೇಳಲಾರೆ. ಆದರೆ ಸಂಶೋಧಕರಿಗೆ ಅದೇ ಗೆರೆ ಒಂದು ಅಪರೂಪದ ಅವಕಾಶ. ಗೆರೆಯ ತೀರಾ ಹತ್ತಿರ, ಯಾರು ಆಚೆ ಬಿದ್ದರು ಯಾರು ಈಚೆ ಬಿದ್ದರು ಎಂಬುದು ಚೀಟಿ ಎತ್ತಿದಷ್ಟೇ ಆಕಸ್ಮಿಕ. ಬುದ್ಧಿ, ಮನೆ, ಶಾಲೆ, ಆಸೆ ಎಲ್ಲದರಲ್ಲೂ ಎರಡು ಗುಂಪು ಒಂದೇ ಥರ. ಬೇರೆ ಇರುವುದು ವಿದ್ಯಾರ್ಥಿವೇತನದ ಅರ್ಹತೆ ಮಾತ್ರ. ಆದ್ದರಿಂದ ಕಾಲೇಜು ಸೇರುವ ಪ್ರಮಾಣ ಆ ಗೆರೆಯಲ್ಲಿ ಥಟ್ಟನೆ ಮೇಲಕ್ಕೆ ಹಾರಿದರೆ, ಹಾರಿಸಿದ್ದು ವಿದ್ಯಾರ್ಥಿವೇತನವೇ. ಸಂಖ್ಯಾಶಾಸ್ತ್ರದಲ್ಲಿ ಈ ವಿಧಾನಕ್ಕೆ ರಿಗ್ರೆಷನ್ ಡಿಸ್ಕಂಟಿನ್ಯುಟಿ ಎನ್ನುತ್ತಾರೆ.

ವಿಧಾನ ಹುಟ್ಟಿದ್ದೂ ಒಂದು ವಿದ್ಯಾರ್ಥಿವೇತನದ ಸುತ್ತಲೇ. 1960ರಲ್ಲಿ ಅಮೆರಿಕದ ಡೊನಾಲ್ಡ್ ಥಿಸಲ್‌ಥ್ವೇಟ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬಿಬ್ಬರು ಅಲ್ಲಿನ ನ್ಯಾಷನಲ್ ಮೆರಿಟ್ ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ಬಹುಮಾನ ತಪ್ಪಿದವರನ್ನು ತೆಗೆದುಕೊಂಡರು. ಅವರಲ್ಲಿ ಒಂದು ಅಂಕದ ಗೆರೆಗಿಂತ ಮೇಲಿದ್ದವರಿಗೆ ಪ್ರಶಸ್ತಿಪತ್ರ ಮತ್ತು ಹೆಚ್ಚಿನ ಪ್ರಚಾರ ಸಿಕ್ಕಿತ್ತು, ಕೆಳಗಿದ್ದವರಿಗೆ ಮೆಚ್ಚುಗೆಯ ಪತ್ರವಷ್ಟೇ. ಪ್ರಶಸ್ತಿಪತ್ರ ಪಡೆದವರಿಗೆ ಬೇರೆ ಕಡೆಯಿಂದ ವಿದ್ಯಾರ್ಥಿವೇತನ ಸಿಗುವುದು ಹೆಚ್ಚಾಯಿತು. ಮುಂದೆ ಏನು ಓದಬೇಕು, ಏನಾಗಬೇಕು ಎಂಬ ಅವರ ಮನಸ್ಸು ಮಾತ್ರ ಅದರಿಂದ ಬದಲಾದಂತೆ ಕಾಣಲಿಲ್ಲ. ಆ ಮೇಲೆ ದಶಕಗಳ ಕಾಲ ಈ ವಿಧಾನವನ್ನು ಹೆಚ್ಚಿನವರು ಮರೆತೇಬಿಟ್ಟಿದ್ದರು. 1990ರ ದಶಕದ ಕೊನೆಗೆ ಅರ್ಥಶಾಸ್ತ್ರಜ್ಞರು ಮತ್ತೆ ಕೈಗೆತ್ತಿಕೊಂಡರು.

ಕೊಲಂಬಿಯಾದ ಲೆಕ್ಕ ಮಾಡಿದವರು ಹುಲಿಯಾನಾ ಲೊಂಡೊನ್ಯೊ-ವೆಲೆಸ್, ಕ್ಯಾತರೀನ್ ರೋಡ್ರಿಗೆಸ್ ಮತ್ತು ಫ್ಯಾಬಿಯೊ ಸಾಂಚೆಸ್. ಅವರ ಪ್ರಬಂಧ 2020ರಲ್ಲಿ ಪ್ರಕಟವಾಯಿತು. ಅವರಿಗೆ ಮೊದಲು ಬೇಕಾಗಿದ್ದು ವಿದ್ಯಾರ್ಥಿವೇತನ ಸಿಗದವರ ವಿವರ. ಪಡೆದವರ ಪಟ್ಟಿ ಯಾವ ಇಲಾಖೆಯಲ್ಲಾದರೂ ಇರುತ್ತದೆ. ತಪ್ಪಿದವರು ಆಮೇಲೆ ಎಲ್ಲಿ ಹೋದರು, ಏನು ಓದಿದರು ಎಂಬುದನ್ನು ಯಾರೂ ಬರೆದಿಡುವುದಿಲ್ಲ, ಹೋಲಿಕೆಗೆ ಬೇಕಾದ ಅರ್ಧ ಭಾಗ ಅಲ್ಲೇ ಕಳೆದುಹೋಗುತ್ತದೆ. ಕೊಲಂಬಿಯಾದಲ್ಲಿ ಹೈಸ್ಕೂಲು ಮುಗಿಸುವವರೆಲ್ಲ ಸಾಬೆರ್ 11 ಬರೆಯುತ್ತಾರೆ, ಕಾಲೇಜು ಸೇರಿದವರ ದಾಖಲೆ ಶಿಕ್ಷಣ ಸಚಿವಾಲಯದ ಇನ್ನೊಂದು ಕಡತದಲ್ಲಿದೆ, ಬಡತನದ ಅಂಕಿಅಂಶ ಮೂರನೆಯದರಲ್ಲಿ. ಮೂರನ್ನೂ ಜೋಡಿಸಿದಾಗ 310 ತೆಗೆದವರೂ 309 ತೆಗೆದವರೂ ಒಂದೇ ಕೋಷ್ಟಕದಲ್ಲಿ ಸಿಕ್ಕರು. ನಮ್ಮಲ್ಲೂ ಶಾಲಾ ಮಕ್ಕಳಿಗೆ ಸ್ಯಾಟ್ಸ್ ನಂಬರು ಇದೆ, ವಿದ್ಯಾರ್ಥಿವೇತನದ ಅರ್ಜಿಗೆ ರಾಜ್ಯದ ಪೋರ್ಟಲ್ ಇದೆ. ತಿರಸ್ಕೃತವಾದ ಅರ್ಜಿಗಳನ್ನೂ ಅಂಕಗಳ ಸಮೇತ ಉಳಿಸಿಟ್ಟರೆ ಇಂಥ ಲೆಕ್ಕ ಇಲ್ಲೂ ಸಾಧ್ಯ ಎಂಬುದು ನನ್ನ ಅಭಿಪ್ರಾಯ.

ಲೆಕ್ಕದ ಕ್ರಮ ಹೀಗೆ. ಮೊದಲು ಬಡತನದ ಅರ್ಹತೆ ಇದ್ದ ಮಕ್ಕಳನ್ನು ಮಾತ್ರ ಇಟ್ಟುಕೊಳ್ಳಬೇಕು. ಕೊಲಂಬಿಯಾದಲ್ಲಿ ಸಿಸ್‌ಬೆನ್ ಎಂಬ ಮನೆಮನೆ ಸಮೀಕ್ಷೆ ಇದೆ. ಆಗ ಮನೆಯ ಸ್ಥಿತಿಗತಿ ನೋಡಿ 0ಯಿಂದ 100ರವರೆಗೆ ಒಂದು ಅಂಕ ಕೊಡುತ್ತಿದ್ದರು, ಅಂಕ ಕಡಿಮೆಯಾದಷ್ಟೂ ಬಡತನ ಹೆಚ್ಚು. ದೊಡ್ಡ 14 ನಗರಗಳಲ್ಲಿ 57.21ಕ್ಕಿಂತ ಕೆಳಗಿದ್ದವರು, ಹಳ್ಳಿಗಾಡಿನಲ್ಲಿ 40.75ಕ್ಕಿಂತ ಕೆಳಗಿದ್ದವರು ಈ ಯೋಜನೆಗೆ ಅರ್ಹರು. ಹೀಗೆ ಉಳಿದ ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ನಾಲ್ಕೈದು ಅಂಕಗಳಿಗೆ ಒಂದೊಂದು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಶೇಕಡಾ ಎಷ್ಟು ಜನ ಕಾಲೇಜು ಸೇರಿದರು ಎಂದು ಚುಕ್ಕಿ ಇಡುತ್ತ ಹೋದರೆ ಒಂದು ಚಿತ್ರ ಮೂಡುತ್ತದೆ. ಎಡಗಡೆಯಿಂದ ಚುಕ್ಕಿಗಳು ನಿಧಾನವಾಗಿ ಏರುತ್ತ ಬರುತ್ತವೆ, ಏಕೆಂದರೆ ಅಂಕ ಹೆಚ್ಚಿದಂತೆ ಕಾಲೇಜು ಸೇರುವವರೂ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತಾರೆ. 310ರ ಹೊಸ್ತಿಲಿಗೆ ಬರುವ ಹೊತ್ತಿಗೆ ಸುಮಾರು ಶೇ 37 ಮಕ್ಕಳು ಕೂಡಲೇ ಕಾಲೇಜು ಸೇರುತ್ತಿದ್ದರು. ಹೊಸ್ತಿಲು ದಾಟಿದೊಡನೆ ಮುಂದಿನ ಚುಕ್ಕಿ ಶೇ 69ರ ಆಸುಪಾಸಿನಲ್ಲಿ ಕಾಣಿಸುತ್ತದೆ. ನಡುವೆ ಮೆಟ್ಟಿಲೇ ಇಲ್ಲ. ಈ 32 ಅಂಶಗಳ ಜಿಗಿತವೇ ಯೋಜನೆಯ ಪರಿಣಾಮ. 37ಕ್ಕೆ 32 ಸೇರುವುದೆಂದರೆ ಕಾಲೇಜು ಸೇರುವವರು ಶೇ 86ರಷ್ಟು ಹೆಚ್ಚಿದಂತೆ. ವಿದ್ಯಾರ್ಥಿವೇತನದ ಇಷ್ಟು ದೊಡ್ಡ ಪರಿಣಾಮ ಸಂಶೋಧನೆಗಳಲ್ಲಿ ಅಪರೂಪ.

ಇಲ್ಲಿ ಒಂದು ಎಚ್ಚರ ಬೇಕು. ಜಿಗಿತ ಅಳೆಯಲು ಗೆರೆಯ ಎರಡು ಬದಿಯ ಸರಾಸರಿಗಳನ್ನು ಸುಮ್ಮನೆ ಕಳೆದರೆ ಆಗದು. 300ರಿಂದ 309ರವರೆಗಿನವರನ್ನು 310ರಿಂದ 319ರವರೆಗಿನವರ ಜತೆ ಹೋಲಿಸಿದೆವು ಎನ್ನಿ. ಎರಡು ಗುಂಪುಗಳ ನಡುವೆ ಸರಾಸರಿ ಹತ್ತು ಅಂಕದ ದೂರ ಇದೆ. ಒಂದೊಂದು ಅಂಕಕ್ಕೆ ಕಾಲೇಜು ಸೇರುವ ಪ್ರಮಾಣ ಸಹಜವಾಗಿಯೇ 0.2 ಅಂಶ ಏರುತ್ತಿದ್ದರೆ, ವಿದ್ಯಾರ್ಥಿವೇತನ ಇಲ್ಲದಿದ್ದರೂ ಎರಡು ಅಂಶದ ವ್ಯತ್ಯಾಸ ಬರುತ್ತಿತ್ತು. ಆಗ ಕಳೆದ ಲೆಕ್ಕ 34 ಎಂದು ತೋರಿಸುತ್ತದೆ, ನಿಜವಾದ ಜಿಗಿತ 32. ಅದಕ್ಕೇ ಎಡಬದಿಯ ಚುಕ್ಕಿಗಳಿಗೆ ಒಂದು ಸರಳರೇಖೆ, ಬಲಬದಿಯವಕ್ಕೆ ಇನ್ನೊಂದು ಸರಳರೇಖೆ ಎಳೆದು, ಎರಡೂ 310ರ ಬಿಂದುವಿಗೆ ಬಂದು ಮುಟ್ಟುವ ಎತ್ತರಗಳನ್ನು ಹೋಲಿಸುತ್ತಾರೆ.

ಎಷ್ಟು ಅಂಕದ ದೂರದವರೆಗಿನ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಇನ್ನೊಂದು ಕಷ್ಟದ ವಿಷಯ. ತೀರಾ ಹತ್ತಿರದವರನ್ನು ಮಾತ್ರ ಹಿಡಿದರೆ ಹೋಲಿಕೆ ಶುದ್ಧ, ಆದರೆ ಮಕ್ಕಳ ಸಂಖ್ಯೆ ಕಡಿಮೆಯಾಗಿ ಉತ್ತರ ಅತ್ತಿತ್ತ ತೂಗಾಡುತ್ತದೆ. ದೂರದವರೆಗೂ ಹಿಡಿದರೆ ಉತ್ತರ ನಿಲ್ಲುತ್ತದೆ, ಆದರೆ ಒಂದೇ ಥರದವರಲ್ಲದ ಮಕ್ಕಳು ಬಂದು ಸೇರುತ್ತಾರೆ, ಸರಳರೇಖೆ ಅವರಿಗೆ ಹೊಂದದೆ ಹೋಗುತ್ತದೆ. ಈ ದೂರವನ್ನು ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಅದನ್ನು ಆರಿಸಲು ಈಗ ಸೂತ್ರಗಳಿವೆ. ಆದರೂ ಪ್ರಾಮಾಣಿಕ ಸಂಶೋಧಕರು ಅದನ್ನು ಅರ್ಧ ಮಾಡಿ, ದುಪ್ಪಟ್ಟು ಮಾಡಿ ಉತ್ತರ ಎಷ್ಟು ಬದಲಾಗುತ್ತದೆಂದು ತೋರಿಸುತ್ತಾರೆ. ಒಂದೇ ಒಂದು ದೂರಕ್ಕೆ ಮಾತ್ರ ಜಿಗಿತ ಕಾಣಿಸುವ ಪ್ರಬಂಧವನ್ನು ನಂಬಬಾರದು. ಗೆರೆಯ ಬಳಿ ವಿಪರೀತ ಬಳುಕುವ ವಕ್ರರೇಖೆ ಎಳೆದು ಜಿಗಿತ ತೋರಿಸುವುದೂ ಅಷ್ಟೇ ಅನುಮಾನಾಸ್ಪದ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಒಂದೇ ಆಧಾರದ ಮೇಲೆ: ಗೆರೆಯ ಯಾವ ಬದಿಗೆ ತಾನು ಬೀಳಬೇಕು ಎಂಬುದನ್ನು ಯಾರೂ ಆರಿಸಿಕೊಳ್ಳುವಂತಿರಬಾರದು. ಆರಿಸಿಕೊಳ್ಳಬಹುದಾದರೆ ಚೀಟಿ ಎತ್ತಿದ ನ್ಯಾಯ ಅಲ್ಲಿಗೆ ಮುಗಿಯಿತು. ಇದು ಕೆಟ್ಟುಹೋದ ಒಂದು ಪ್ರಸಂಗ ಚೆನ್ನಾಗಿ ದಾಖಲಾಗಿದೆ. ನ್ಯೂಯಾರ್ಕ್ ರಾಜ್ಯದಲ್ಲಿ ರೀಜೆಂಟ್ಸ್ ಎಂಬ ಹೈಸ್ಕೂಲು ಪರೀಕ್ಷೆ ಇದೆ, ಪಾಸಾಗಲು 65 ಬೇಕು. ಹಿಂದೆ ಆಯಾ ಶಾಲೆಯ ಶಿಕ್ಷಕರೇ ತಮ್ಮ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದರು. ಅಂಕಗಳ ಹಂಚಿಕೆಯ ಚಿತ್ರ ಬರೆದರೆ 65ರಲ್ಲಿ ಒಂದು ದೊಡ್ಡ ಗುಡ್ಡೆ, ಅದರ ಹಿಂದೆಯೇ 62, 63, 64ರಲ್ಲಿ ಒಂದು ಹಳ್ಳ. ಇನ್ನೆರಡು ಅಂಕ ಸಿಕ್ಕರೆ ಈ ಮಗು ಪಾಸಾಗುತ್ತದಲ್ಲ ಎಂದು ಶಿಕ್ಷಕರು ಪ್ರಬಂಧದ ಉತ್ತರಗಳನ್ನು ಮತ್ತೊಮ್ಮೆ ಓದಿ ಎತ್ತಿ ಕೊಟ್ಟಿದ್ದರು. ಗೆರೆಯ ಹತ್ತಿರದ ಅಂಕಗಳಲ್ಲಿ ಸುಮಾರು ಶೇ 40ರಷ್ಟು ಹೀಗೆ ಏರಿಸಿದವು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿದರು. ಮರುತಿದ್ದುವ ಪದ್ಧತಿ ನಿಲ್ಲಿಸಿ, ಸ್ವಂತ ಶಾಲೆಯ ಪತ್ರಿಕೆ ತಿದ್ದುವುದನ್ನೂ ತಪ್ಪಿಸಿದ ಮೇಲೆ ಆ ಗುಡ್ಡೆ ಕರಗಿತು.

ಆ ಶಿಕ್ಷಕರನ್ನು ಬೈಯುವ ಮನಸ್ಸು ನನಗಿಲ್ಲ. ಆದರೆ ಅವರು ಯಾರಿಗೆ ಎತ್ತಿ ಕೊಟ್ಟಿರುತ್ತಾರೆ? ತಪ್ಪದೆ ಶಾಲೆಗೆ ಬರುವ, ಅವರಿಗೆ ಪರಿಚಯವಿರುವ, ಇವನು ಮುಂದೆ ಬರುತ್ತಾನೆ ಎನ್ನಿಸಿದ ಮಗುವಿಗೆ. ಹಾಗಾಗಿ 65ರವರು 64ರವರಂಥವರಾಗಿ ಉಳಿಯುವುದಿಲ್ಲ. ಅವರನ್ನು ಹೋಲಿಸಿದರೆ ಪಾಸಾದುದರ ಫಲದ ಜತೆಗೆ ಶಿಕ್ಷಕರ ಆಯ್ಕೆಯ ಫಲವೂ ಬೆರೆಯುತ್ತದೆ. ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಗ್ರೇಸ್ ಮಾರ್ಕ್ಸ್ ಕೊಟ್ಟದ್ದುಂಟು, ಮರುಮೌಲ್ಯಮಾಪನ ಉಂಟು. ಕಡಿಮೆ ಬಿದ್ದ ಒಂದೆರಡು ಅಂಕಕ್ಕಾಗಿ ಹಣ ಕಟ್ಟಿ ಅರ್ಜಿ ಹಾಕುವುದು ಸಾಮಾನ್ಯವಾಗಿ ಓದಿನ ಬಗ್ಗೆ ಕಾಳಜಿ ಇರುವ, ಕಟ್ಟುವ ಶಕ್ತಿ ಇರುವ ಮನೆಯವರು. ಅಂತಿಮ ಅಂಕಪಟ್ಟಿಯ ಅಂಕವನ್ನೇ ಹಿಡಿದು ಇಂಥ ಅಧ್ಯಯನ ಮಾಡುವವರು ಈ ಕಾರಣಕ್ಕೇ ಎಡವಬಹುದು. ಮೊದಲ ಬಾರಿ ಬಂದ ಅಂಕವನ್ನು ಹಿಡಿಯುವುದು ಕ್ಷೇಮ.

ಇಂಥ ಕೈವಾಡ ಆಗಿದೆಯೋ ಇಲ್ಲವೋ ಎಂದು ಪತ್ತೆಹಚ್ಚಲು ಸರಳ ಉಪಾಯವಿದೆ. 2008ರಲ್ಲಿ ಜಸ್ಟಿನ್ ಮೆಕ್‌ಕ್ರೇರಿ ಅದಕ್ಕೊಂದು ಕ್ರಮಬದ್ಧ ಪರೀಕ್ಷೆ ಕೊಟ್ಟರು. ಗೆರೆಯ ಕೆಳಗೆ ಎಷ್ಟು ಮಕ್ಕಳಿದ್ದಾರೆ, ಮೇಲೆ ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸುವುದು. ಸಹಜವಾಗಿದ್ದರೆ ತಲೆ ಎಣಿಕೆ ಗೆರೆಯ ಬಳಿ ಮೆಲ್ಲಗೆ ಸಾಗಬೇಕು. ಗೆರೆಯಲ್ಲೇ ತಟಕ್ಕನೆ ಏರಿದರೆ ಯಾರೋ ಕೈಯಾಡಿಸಿದ್ದಾರೆ. ಅದರ ಜತೆ ತಾಯಿ ಎಷ್ಟು ಓದಿದ್ದಾರೆ, ಶಾಲೆ ಸರ್ಕಾರದ್ದೋ ಖಾಸಗಿಯದೋ, ಹುಡುಗನೋ ಹುಡುಗಿಯೋ ಎಂಬಂಥ ಹಳೆಯ ಸಂಗತಿಗಳಲ್ಲೂ ಗೆರೆಯ ಬಳಿ ಜಿಗಿತ ಇದೆಯೇ ಎಂದು ನೋಡಬೇಕು. ಇರಬಾರದು. ಅಕ್ಟೋಬರಿನಲ್ಲಿ ಪ್ರಕಟವಾದ ವಿದ್ಯಾರ್ಥಿವೇತನ ತಾಯಿಯ ಓದನ್ನು ಬದಲಿಸಲಾರದಲ್ಲ.

ಕೊಲಂಬಿಯಾದ ಮೊದಲ ವರ್ಷದ ಲೆಕ್ಕವನ್ನು ನಾನು ನಂಬುವುದು ಮುಖ್ಯವಾಗಿ ಆ ಎರಡು ತಿಂಗಳುಗಳ ಕಾರಣಕ್ಕೆ. ಆಗಸ್ಟ್‌ನಲ್ಲಿ ಪರೀಕ್ಷೆ, ಅಕ್ಟೋಬರ್‌ನಲ್ಲಿ ಯೋಜನೆ. ಉತ್ತರ ಬರೆಯುವಾಗ ಯಾವ ಮಗುವಿಗೂ 310 ಎಂಬ ಸಂಖ್ಯೆಗೆ ಬೆಲೆ ಇದೆಯೆಂದು ಗೊತ್ತಿರಲಿಲ್ಲ, ಯಾವ ಮೇಷ್ಟರಿಗೂ ಗೊತ್ತಿರಲಿಲ್ಲ. ಸಿಸ್‌ಬೆನ್ ಸಮೀಕ್ಷೆಯೂ ಮೊದಲೇ ಮುಗಿದಿತ್ತು. ಮುಂದಿನ ವರ್ಷಗಳಲ್ಲಿ ಗೆರೆಯನ್ನು 318ಕ್ಕೆ, ಆಮೇಲೆ ಇನ್ನೂ ಮೇಲಕ್ಕೆ ಏರಿಸಿದರು. ಅಷ್ಟರಲ್ಲಿ ಯೋಜನೆಯ ಸುದ್ದಿ ಎಲ್ಲ ಶಾಲೆಗಳಿಗೂ ಮುಟ್ಟಿತ್ತು, ಬಡ ಮಕ್ಕಳು ಅದಕ್ಕಾಗಿಯೇ ಹೆಚ್ಚು ಓದತೊಡಗಿದ್ದನ್ನು ಬೇರೆ ಸಂಶೋಧಕರು ತೋರಿಸಿದ್ದಾರೆ. ಅದು ಸಂತೋಷದ ಸುದ್ದಿ. ಆದರೆ ಮೊದಲ ವರ್ಷದಂಥ ಅರಿಯದ ಗೆರೆ ಇನ್ನೊಮ್ಮೆ ಸಿಗಲಿಲ್ಲ.

ಈ 32 ಯಾರ ಕುರಿತ ಸಂಖ್ಯೆ ಎಂಬುದನ್ನೂ ಬಿಡಿಸಿ ಹೇಳಬೇಕು. ಅದು ಅರ್ಹರಾದುದರ ಪರಿಣಾಮ. ಅರ್ಹರಾದವರೆಲ್ಲ ವಿದ್ಯಾರ್ಥಿವೇತನ ಪಡೆಯಲಿಲ್ಲ. ಕೆಲವರಿಗೆ ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗಲಿಲ್ಲ, ಕೆಲವರು ಅರ್ಜಿಯನ್ನೇ ಹಾಕಲಿಲ್ಲ. ಲೆಕ್ಕ ಸುಲಭವಾಗಲೆಂದು ಅರ್ಹರಲ್ಲಿ ಅರವತ್ತು ಪ್ರತಿಶತ ಜನ ಮಾತ್ರ ನಿಜಕ್ಕೂ ಪಡೆದರು ಎಂದುಕೊಂಡರೆ, 32ರ ಜಿಗಿತ ಬಂದಿರುವುದು ಆ ಅರವತ್ತು ಜನರಿಂದಲೇ. 32ನ್ನು 0.6ರಿಂದ ಭಾಗಿಸಿದರೆ 53. ಅಂದರೆ ಹಣ ಕೈಗೆ ಬಂದವರ ಮೇಲೆ ಆದ ಪರಿಣಾಮ 53 ಅಂಶ. ಸರ್ಕಾರಕ್ಕೆ ಮೊದಲ ಸಂಖ್ಯೆ ಬೇಕು, ಏಕೆಂದರೆ ಘೋಷಿಸಿದರೆ ಏನಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಮಗುವಿಗೂ ಅಪ್ಪ ಅಮ್ಮನಿಗೂ ಎರಡನೆಯದು.

ಎರಡೂ ಸಂಖ್ಯೆಗಳು 310ರ ಅಂಚಿನ ಮಕ್ಕಳಿಗೆ ಸೇರಿದವು. 400 ತೆಗೆದ ಬಡ ಹುಡುಗನಿಗೆ ಬೇರೆ ಸಹಾಯ ಸಿಗುತ್ತಿತ್ತೇನೋ, ಅವನ ಮೇಲಿನ ಪರಿಣಾಮ ಕಡಿಮೆ ಇರಬಹುದು. 250 ತೆಗೆದವಳಿಗೆ ಗೆರೆ ಇಳಿಸಿ ಹಣ ಕೊಟ್ಟಿದ್ದರೆ ಅವಳು ಸೇರುತ್ತಿದ್ದಳೋ, ಸೇರಿ ಮುಗಿಸುತ್ತಿದ್ದಳೋ, ಅರ್ಧಕ್ಕೆ ಬಿಟ್ಟು ಸಾಲ ಹೊರುತ್ತಿದ್ದಳೋ ಎಂಬುದನ್ನು ಈ ಚಿತ್ರ ಹೇಳುವುದಿಲ್ಲ. ಅದೃಷ್ಟಕ್ಕೆ ಯೋಜನೆಯಲ್ಲಿ ಇನ್ನೊಂದು ಗೆರೆಯೂ ಇತ್ತು, ಬಡತನದ್ದು. 310 ದಾಟಿದ ಮಕ್ಕಳಲ್ಲಿ ಸಿಸ್‌ಬೆನ್ ಗೆರೆಯ ಎರಡು ಬದಿಯವರನ್ನು ಹೋಲಿಸಿದಾಗ ಜಿಗಿತ ಸುಮಾರು 27 ಅಂಶ. ಇವರು ಅರ್ಹ ಬಡವರಲ್ಲಿ ಸ್ವಲ್ಪ ಅನುಕೂಲಸ್ಥರು, ಅಂಕದಲ್ಲಿ ಎಷ್ಟೋ ಮೇಲಿರುವವರೂ ಅವರಲ್ಲಿದ್ದಾರೆ. ಬೇರೆ ಥರದ ಮಕ್ಕಳಿಂದ, ಬೇರೆ ಗೆರೆಯಿಂದ ಬಂದ ಉತ್ತರವೂ ಹತ್ತಿರದಲ್ಲೇ ನಿಂತಿರುವುದರಿಂದ ಪರಿಣಾಮ 310ರ ಅಂಚಿಗಷ್ಟೇ ಸೀಮಿತವಲ್ಲ ಎಂಬ ಧೈರ್ಯ ಬರುತ್ತದೆ. ಇಡೀ ದೇಶದ ಅಂಕಿಅಂಶದಲ್ಲೂ ಅದು ಕಂಡಿತು. ಅಂಕದಲ್ಲಿ ಮೇಲಿನ ಹತ್ತನೇ ಒಂದು ಭಾಗದ ಮಕ್ಕಳಲ್ಲಿ ಬಡವರು ಮತ್ತು ಉಳ್ಳವರು ಕಾಲೇಜು ಸೇರುವುದರ ನಡುವೆ ಇದ್ದ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು.

ಇಷ್ಟಾಗಿಯೂ 2018ರಲ್ಲಿ ಬಂದ ಹೊಸ ಸರ್ಕಾರ ಯೋಜನೆ ನಿಲ್ಲಿಸಿ ‘ಹೆನೆರಾಸಿಯೋನ್ ಎ’ ಎಂಬ ಬೇರೊಂದನ್ನು ತಂದಿತು. ಸೆರ್ ಪಿಲೊ ಪಾಗಾ ಮಕ್ಕಳಲ್ಲಿ ಬಹುಪಾಲು ಜನ ದುಬಾರಿ ಖಾಸಗಿ ವಿಶ್ವವಿದ್ಯಾಲಯಗಳನ್ನು ಆರಿಸಿಕೊಂಡಿದ್ದರು, ಸರ್ಕಾರದ ಹಣ ಅಲ್ಲಿಗೇ ಹರಿದಿತ್ತು. ಅದೇ ಹಣವನ್ನು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಕೊಟ್ಟು ಸೀಟು ಹೆಚ್ಚಿಸಿದ್ದರೆ ಇನ್ನೂ ಹೆಚ್ಚು ಮಕ್ಕಳು ಓದುತ್ತಿರಲಿಲ್ಲವೇ ಎಂದು ವಿದ್ಯಾರ್ಥಿಗಳೂ ಅಧ್ಯಾಪಕರೂ ಕೇಳಿದರು. ನ್ಯಾಯವಾದ ಪ್ರಶ್ನೆ. 310ರ ಗೆರೆ ಇದಕ್ಕೆ ಉತ್ತರ ಕೊಡಲಾರದು. ಸೀಟು ಹೆಚ್ಚಿದ್ದರೆ ಗೆರೆಯ ಕೆಳಗಿನವರಿಗೂ ಮೇಲಿನವರಿಗೂ ಒಟ್ಟಿಗೇ ಸಿಗುತ್ತಿತ್ತು, 309 ಮತ್ತು 310ರ ನಡುವೆ ಜಿಗಿತವೇ ಇರುತ್ತಿರಲಿಲ್ಲ.